ದೋಣಿ ಲೆಕ್ಕ: ಹೋಗುವ ವೇಗ 12, ಬರುವ ವೇಗ 8. ಹಾಗಾದ್ರೆ ಪ್ರವಾಹ 4 ಯಾಕಲ್ಲ?

ಚೈತ್ರಾ_ಓದುಗಿ

ಎಲ್ಲರಿಗೂ ನಮಸ್ಕಾರ. ಎಫ್‌ಡಿಎಗೆ ಓದ್ತಾ ಇದ್ದೇನೆ. ದೋಣಿ ಮತ್ತು ಪ್ರವಾಹದ ಲೆಕ್ಕದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ರಶ್ನೆ ಹೀಗಿದೆ: ಒಂದು ದೋಣಿ ಪ್ರವಾಹದ ದಿಕ್ಕಿನಲ್ಲಿ 36 ಕಿ.ಮೀ. ಹೋಗಲು 3 ಗಂಟೆ ತೆಗೆದುಕೊಳ್ಳುತ್ತದೆ. ಅದೇ ದೂರವನ್ನು ಪ್ರವಾಹದ ವಿರುದ್ಧ ಮರಳಿ ಬರಲು 4 ಗಂಟೆ 30 ನಿಮಿಷ ಬೇಕು. ಪ್ರವಾಹದ ವೇಗ ಗಂಟೆಗೆ ಎಷ್ಟು ಕಿ.ಮೀ.? ಆಯ್ಕೆಗಳು: 4, 2.4, 2, 1.6.

ಹೋಗುವಾಗ 12, ಬರುವಾಗ 8. ಇಷ್ಟು ಸರಿ. ವ್ಯತ್ಯಾಸ 4. ಆ ವ್ಯತ್ಯಾಸ ಬಂದಿದ್ದೇ ನೀರಿನಿಂದ ತಾನೇ? ಹಾಗಾದ್ರೆ ಪ್ರವಾಹ 4 ಅಂತ ಯಾಕೆ ಹೇಳಬಾರದು? ಉತ್ತರ 2 ಅಂತ ಕೊಟ್ಟಿದ್ದಾರೆ.

ಶಾರ್ಟ್‌ಕಟ್_ಸೀನ

ತುಂಬಾ ಸಿಂಪಲ್. ದೊಡ್ಡದರಲ್ಲಿ ಚಿಕ್ಕದು ಕಳೆದು 2ರಿಂದ ಭಾಗಿಸಿ. ಪ್ರವಾಹ 2. ಎರಡನ್ನೂ ಕೂಡಿಸಿ 2ರಿಂದ ಭಾಗಿಸಿದ್ರೆ ದೋಣಿ ವೇಗ, 10. ಹತ್ತು ಸೆಕೆಂಡಿನ ಕೆಲಸ. ಯಾಕೆ, ಏನು ಅಂತ ಕೂತ್ರೆ ಮುಂದಿನ ನಾಲ್ಕು ಪ್ರಶ್ನೆ ಹೋಗುತ್ತವೆ.

ಚೈತ್ರಾ_ಓದುಗಿ

ಸೂತ್ರ ಗೊತ್ತು ಸೀನ ಅವರೇ, ಬಾಯಿಪಾಠ ಇದೆ. ಆದ್ರೆ ಪ್ರಶ್ನೆ ಸ್ವಲ್ಪ ತಿರುಗಿಸಿದ್ರೆ ಕೈಕೊಡುತ್ತದೆ. ಇನ್ನೊಂದು ದಾರಿಯಲ್ಲೂ ನೋಡಿದೆ. ಒಟ್ಟು 72 ಕಿ.ಮೀ., ಒಟ್ಟು ಏಳೂವರೆ ಗಂಟೆ. ಸರಾಸರಿ 9.6 ಬಂತು. ಹೋಗುವಾಗ ನೀರು ತಳ್ಳುತ್ತದೆ, ಬರುವಾಗ ಅಷ್ಟೇ ತಡೆಯುತ್ತದೆ. ಎರಡೂ ವಜಾ ಆದ್ರೆ ಉಳಿಯೋದು ದೋಣಿಯ ಸ್ವಂತ ವೇಗ ಆಗಬೇಕು ಅಲ್ವಾ? ಅಂದ್ರೆ 9.6. ಆಗ 12ರಲ್ಲಿ 9.6 ಕಳೆದ್ರೆ 2.4. ಅದು ಆಯ್ಕೆಯಲ್ಲೂ ಇದೆ! ಇದು ಯಾಕೆ ತಪ್ಪು ಅಂತ ಯಾರಾದ್ರೂ ಹೇಳಿ.

ನಿವೃತ್ತ_ಮೇಷ್ಟ್ರು

ಚೈತ್ರಾ, ಒಳ್ಳೆ ಪ್ರಶ್ನೆ ಕೇಳಿದ್ದೀಯ ತಾಯಿ. ಆಯ್ಕೆಗಳನ್ನು ಮತ್ತೊಮ್ಮೆ ನೋಡು. 12ರಲ್ಲಿ 9.6 ಕಳೆದ್ರೆ 2.4. 9.6ರಲ್ಲಿ 8 ಕಳೆದ್ರೆ 1.6. ಎರಡೂ ಅಲ್ಲಿ ಕೂತಿವೆ. ಪ್ರಶ್ನೆ ಮಾಡಿದವರಿಗೆ ಮಕ್ಕಳು ಎಲ್ಲೆಲ್ಲಿ ಜಾರುತ್ತಾರೆ ಅಂತ ಚೆನ್ನಾಗಿ ಗೊತ್ತು. 4 ಕೂಡ ಹಾಗೆ ಇಟ್ಟ ಗಾಳವೇ.

ಇಲ್ಲೇ ನಿನಗೆ ಸುಳಿವೂ ಇದೆ. ದೋಣಿಯ ಸ್ವಂತ ವೇಗ ನಿಜವಾಗಿ 9.6 ಆಗಿದ್ದರೆ, ಹೋಗುವಾಗ ನೀರು 2.4 ಕೊಟ್ಟಿದೆ, ಬರುವಾಗ 1.6 ಮಾತ್ರ ಕಿತ್ತುಕೊಂಡಿದೆ ಅಂತಾಯಿತು. ಒಂದೇ ಹೊಳೆ, ಒಂದೇ ಪ್ರವಾಹ. ಎರಡು ಬೇರೆ ಬೇರೆ ಅಂಕಿ ಹೇಗೆ ಬಂತು? ಅಲ್ಲಿಗೆ 9.6 ಬಿದ್ದುಹೋಯಿತು.

ಈಗ 4ರ ವಿಷಯ. 8ರಿಂದ ಶುರು ಮಾಡು. 8 ಅಂದ್ರೆ ನೀರು ತಡೆದ ಮೇಲೆ ಉಳಿದ ವೇಗ. ಆ ತಡೆ ತೆಗೆದುಬಿಟ್ಟರೆ ದೋಣಿ ನಿಂತ ನೀರಿನ ವೇಗಕ್ಕೆ ಬರುತ್ತದೆ. ಅಷ್ಟಕ್ಕೇ ಒಂದು ಸಲ ಪ್ರವಾಹದಷ್ಟು ಏರಿದೆ. ಅಲ್ಲಿಂದ ಮುಂದೆ ನೀರು ಹಿಂದಿನಿಂದ ತಳ್ಳುತ್ತದೆ, ಇನ್ನೊಂದು ಸಲ ಅಷ್ಟೇ ಏರಿ 12 ಆಗುತ್ತದೆ. 8ರಿಂದ 12ಕ್ಕೆ ಹೋಗುವಷ್ಟರಲ್ಲಿ ಪ್ರವಾಹವನ್ನು ಎರಡು ಸಲ ಎಣಿಸಿದ್ದೇವೆ. ಅದಕ್ಕೇ ಅರ್ಧ.

ಇನ್ನು ವಜಾ ಆಗುವ ವಿಷಯ. ನೀರು ತಳ್ಳಿದ್ದು 3 ಗಂಟೆ, ಗಂಟೆಗೆ 2ರಂತೆ 6 ಕಿ.ಮೀ. ಲಾಭ. ತಡೆದಿದ್ದು ನಾಲ್ಕೂವರೆ ಗಂಟೆ, ಅದೇ 2ರಂತೆ 9 ಕಿ.ಮೀ. ನಷ್ಟ. ವಜಾ ಆಗಲಿಲ್ಲ, 3 ಕಿ.ಮೀ. ನಷ್ಟ ಉಳಿಯಿತು. ದಡದಲ್ಲಿ ನಿಂತವನಿಗೆ ದೋಣಿ 72 ಕಿ.ಮೀ. ಓಡಿದಂತೆ ಕಾಣುತ್ತದೆ. ಆದರೆ ಹುಟ್ಟು ಹಾಕಿದವನು ನೀರಿನ ಮೇಲೆ 75 ಕಿ.ಮೀ. ತಳ್ಳಿದ್ದಾನೆ. 75ನ್ನು ಏಳೂವರೆಯಿಂದ ಭಾಗಿಸು, ಸರಿಯಾಗಿ 10.

ನದಿ ನಿಂತಿದ್ದರೆ ಈ 72 ಕಿ.ಮೀ.ಗೆ 7 ಗಂಟೆ 12 ನಿಮಿಷ ಸಾಕಿತ್ತು. ಹರಿಯುವ ನೀರಲ್ಲಿ ಹೋಗಿ ಬಂದರೆ ಯಾವಾಗಲೂ ತಡವೇ. ಯಾಕೆಂದರೆ ನೀರು ಅಡ್ಡ ಬರುವ ದಾರಿಯಲ್ಲೇ ನೀನು ಜಾಸ್ತಿ ಹೊತ್ತು ಇರುತ್ತೀಯ.

ಚೈತ್ರಾ_ಓದುಗಿ

ಸರ್, ಆ 75 ಕಿ.ಮೀ. ಮಾತು ಓದಿದ ಮೇಲೆ ತಲೆಗೆ ಹೋಯ್ತು. ಹಾಗಾದ್ರೆ ದೂರ ಸಮ ಇರದೆ ಸಮಯ ಸಮ ಇದ್ದಿದ್ರೆ? 3 ಗಂಟೆ ಕೆಳಗೆ, 3 ಗಂಟೆ ಮೇಲೆ?

ನಿವೃತ್ತ_ಮೇಷ್ಟ್ರು

ಆಗ ನಿನ್ನ ಸರಾಸರಿ ಸರಿ. 36 ಮತ್ತು 24, ಒಟ್ಟು 60 ಕಿ.ಮೀ., 6 ಗಂಟೆ, 10. ತಳ್ಳಿದಷ್ಟೇ ಹೊತ್ತು ತಡೆದಿದೆ, ಹಾಗಾಗಿ ವಜಾ ಆಗುತ್ತದೆ. ಪ್ರಶ್ನೆಯಲ್ಲಿ 'ಅದೇ ದೂರ' ಅಂತ ಇದೆಯೋ 'ಅಷ್ಟೇ ಸಮಯ' ಅಂತ ಇದೆಯೋ, ಅದನ್ನು ಮೊದಲು ನೋಡಬೇಕು.

ಸಾಗರದವ

ನಮ್ಮ ಕಡೆ ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗ್ತಿದ್ದೆವು. ಹೋಗೋಕೂ ಬರೋಕೂ ಒಂದೇ ಸಮಯ. ಪ್ರವಾಹ ಸೊನ್ನೆ! 2025ರಲ್ಲಿ ಸೇತುವೆ ಆದ ಮೇಲೆ ಆ ಲೆಕ್ಕವೂ ಇಲ್ಲ.

ನಿವೃತ್ತ_ಮೇಷ್ಟ್ರು

ಅದು ಲಿಂಗನಮಕ್ಕಿ ಹಿನ್ನೀರು ಮಾರಾಯ್ರೇ, ನಿಂತ ನೀರು. ಸಾಲದ್ದಕ್ಕೆ ನೀವು ಅಡ್ಡ ದಾಟ್ತಿದ್ರಿ. ಉದ್ದಕ್ಕೆ ಹೋಗಿದ್ದರೂ ಅಷ್ಟೇ ಬರ್ತಿತ್ತು ಬಿಡಿ.

ಬಸು_ಗದಗ

ನನಗೆ ಉತ್ತರ ಮೈನಸ್ 6 ಬರ್ತಿದೆ. ಯಾರಾದ್ರೂ ನೋಡಿ. 36 ಕಿ.ಮೀ. ಹೋಗೋಕೆ 3 ಗಂಟೆ. ಹೋಗಿ ಮರಳಿ ಬರೋಕೆ ನಾಲ್ಕೂವರೆ. ಅಂದ್ರೆ ಬರೋಕೆ ಒಂದೂವರೆ ಗಂಟೆ, ವೇಗ 24. 12ರಲ್ಲಿ 24 ಕಳೆದು ಅರ್ಧ ಮಾಡಿದ್ರೆ ಮೈನಸ್ 6. ಪ್ರಶ್ನೆಯೇ ತಪ್ಪಿರಬೇಕು.

ರೇಖಾ_ಬ್ಯಾಂಕ್

ಬಸು ಅವರೇ, ನಾಲ್ಕೂವರೆ ಗಂಟೆ ಮರಳಿ ಬರೋಕೆ ಮಾತ್ರ. ಒಟ್ಟು ಅಲ್ಲ. ಆದ್ರೆ ನಿಮ್ಮ ಮೈನಸ್ ಸುಳ್ಳು ಹೇಳ್ತಿಲ್ಲ ನೋಡಿ. ನೀವು ಓದಿದ ಪ್ರಕಾರ ದೋಣಿ ಪ್ರವಾಹದ ವಿರುದ್ಧವೇ ಜೋರಾಗಿ ಬಂದಿದೆ. ಹಾಗಾದ್ರೆ ಹೊಳೆ ಆ ಕಡೆಯಿಂದ ಈ ಕಡೆಗೆ ಹರೀತಿದೆ ಅಂತ ಅರ್ಥ. ಮೈನಸ್ ಬಂದ ಕೂಡಲೇ ಪ್ರಶ್ನೆಯ ಯಾವ ಸಮಯ ಯಾವುದಕ್ಕೆ ಅಂತ ಮತ್ತೆ ಓದಬೇಕು. ನಾನು ಬ್ಯಾಂಕ್ ಪರೀಕ್ಷೆಗೆ ಓದುವಾಗ ಮೈನಸ್ ಬಂದ್ರೆ ಪೆನ್ಸಿಲ್ ಕೆಳಗಿಟ್ಟು ಪ್ರಶ್ನೆ ಎತ್ತಿಕೊಳ್ತಿದ್ದೆ.

ಬಸು_ಗದಗ

ಹೌದಲ್ಲ! 'ಮರಳಿ' ಅಂತ ಇರೋದನ್ನ 'ಹೋಗಿ ಮರಳಿ' ಅಂತ ಓದಿಬಿಟ್ಟೆ. ಸರಿ, ಈಗ 2 ಬಂತು.

ಕಿರಣ್_ಪಿಎಸ್‌ಐ

ನನ್ನ ರೂಮ್‌ಮೇಟ್‌ಗೆ 1.8 ಬಂದಿದೆ, ಅದು ಯಾವ ಆಯ್ಕೆಯಲ್ಲೂ ಇಲ್ಲ. ಕ್ಯಾಲ್ಕುಲೇಟರ್‌ನಲ್ಲೇ ಮಾಡಿದ್ದು.

ರೇಖಾ_ಬ್ಯಾಂಕ್

4.30 ಅಂತ ಒತ್ತಿರ್ತಾರೆ. 4 ಗಂಟೆ 30 ನಿಮಿಷ ಅಂದ್ರೆ 4.5.

ಕಿರಣ್_ಪಿಎಸ್‌ಐ

ಅದೇ! ಮುಂದಕ್ಕೆ ಹೋಗೋಣ.

ಶಾರ್ಟ್‌ಕಟ್_ಸೀನ

ಇಷ್ಟೆಲ್ಲ ಬೇಡ. ದೂರವೇ ಕೊಡದೆ ಸುಮ್ನೆ 'ಎರಡು ಪಟ್ಟು ಸಮಯ' ಅಂತ ಕೇಳ್ತಾರಲ್ಲ, ಅದಕ್ಕೂ ನನ್ನ ಹತ್ರ ಸೂತ್ರ ಇದೆ. ವಿರುದ್ಧ ಹೋಗೋಕೆ ಎರಡು ಪಟ್ಟು ಸಮಯ ಅಂದ್ರೆ ಪ್ರವಾಹ ದೋಣಿಯ ಅರ್ಧ. ಮೂರು ಪಟ್ಟು ಅಂದ್ರೆ ಮೂರನೇ ಒಂದು. ಬರೆದಿಟ್ಟುಕೊಳ್ಳಿ.

ರೇಖಾ_ಬ್ಯಾಂಕ್

ಬರೆದಿಟ್ಟುಕೊಳ್ಳೋ ಮೊದಲು ಒಂದು ಸಲ ಹಾಕಿ ನೋಡಿ ಸೀನ. ದೋಣಿ 10, ಪ್ರವಾಹ ಅರ್ಧ ಅಂದ್ರೆ 5. ಕೆಳಗೆ 15, ಮೇಲೆ 5. ಸಮಯ ಎರಡು ಪಟ್ಟಲ್ಲ, ಮೂರು ಪಟ್ಟು.

ಶಾರ್ಟ್‌ಕಟ್_ಸೀನ

ಓಹ್. ಹಾಗಾದ್ರೆ ಎರಡು ಪಟ್ಟಿಗೆ?

ರೇಖಾ_ಬ್ಯಾಂಕ್

ದಾರಿ ಅದೇ, ಮೇಷ್ಟ್ರು ಹೇಳಿದ್ದು. ಸಮಯ ಎರಡು ಪಟ್ಟು ಅಂದ್ರೆ ವೇಗ ಅರ್ಧ. ಮೇಲೆ ಹೋಗುವ ವೇಗ 1 ಪಾಲು, ಕೆಳಗೆ ಬರುವ ವೇಗ 2 ಪಾಲು ಅಂತ ಇಟ್ಟುಕೊಳ್ಳಿ. ಕೂಡಿಸಿ ಅರ್ಧ ಮಾಡಿದ್ರೆ ಒಂದೂವರೆ ಪಾಲು, ಅದು ದೋಣಿ. ಕಳೆದು ಅರ್ಧ ಮಾಡಿದ್ರೆ ಅರ್ಧ ಪಾಲು, ಅದು ಪ್ರವಾಹ. ಅಂದ್ರೆ ಪ್ರವಾಹ ದೋಣಿಯ ಮೂರನೇ ಒಂದು. ನಿಮ್ಮ 'ಅರ್ಧ' ಮೂರು ಪಟ್ಟು ಸಮಯಕ್ಕೆ ಸರಿ, ಎರಡು ಪಟ್ಟಿಗೆ ಅಲ್ಲ.

ಚೈತ್ರಾ ಲೆಕ್ಕವನ್ನೇ ಹೀಗೆ ಮಾಡಿ ನೋಡಿ. ಸಮಯ 3 ಮತ್ತು 4.5, ಅಂದ್ರೆ 2ಕ್ಕೆ 3. ವೇಗ ತಿರುವುಮುರುವು, ಕೆಳಗೆ 3 ಪಾಲು, ಮೇಲೆ 2 ಪಾಲು. ಕೂಡಿಸಿದ್ರೆ 5, ಕಳೆದ್ರೆ 1. ದೋಣಿ ಪ್ರವಾಹದ ಐದು ಪಟ್ಟು. 10 ಮತ್ತು 2, ತಾಳೆಯಾಯ್ತು.

ಇಷ್ಟರಿಂದ ಸಿಗೋದು ಪಾಲು ಮಾತ್ರ, ಕಿಲೋಮೀಟರ್ ಅಲ್ಲ. ಪ್ರಶ್ನೆಯಲ್ಲಿ ಒಂದಾದ್ರೂ ದೂರ ಅಥವಾ ವೇಗ ಕೊಟ್ಟಿರಬೇಕು. ಒಂದು ಮಾದರಿ ಪರೀಕ್ಷೆಯಲ್ಲಿ ಎರಡು ಪಟ್ಟು ಸಮಯ ಅಂತ ಅಷ್ಟೇ ಹೇಳಿ ಪ್ರವಾಹದ ವೇಗ ಕೇಳಿದ್ದರು. ಅದಕ್ಕೆ 'ಮಾಹಿತಿ ಸಾಲದು' ಅನ್ನೋ ಆಯ್ಕೆಯೇ ಸರಿ.

ಅಪ್ಪ_ಹಾಸನ

ನಮ್ಮ ಮಗಳು ಎಸ್ಸೆಸ್ಸೆಲ್ಸಿ. ಅವಳ ವರ್ಗ ಸಮೀಕರಣದ ಪಾಠದಲ್ಲೂ ದೋಣಿ ಇದೆ. ನಿಂತ ನೀರಲ್ಲಿ ಗಂಟೆಗೆ 18 ಕಿ.ಮೀ. ಹೋಗುವ ಮೋಟಾರು ದೋಣಿ, 24 ಕಿ.ಮೀ. ಪ್ರವಾಹದ ವಿರುದ್ಧ ಹೋಗಲು, ಅದೇ ದೂರ ಕೆಳಗೆ ಬರುವುದಕ್ಕಿಂತ 1 ಗಂಟೆ ಜಾಸ್ತಿ ತೆಗೆದುಕೊಳ್ಳುತ್ತದೆ. ಪ್ರವಾಹ ಎಷ್ಟು? ಇಲ್ಲಿ ಎರಡೂ ವೇಗ ಕೊಟ್ಟಿಲ್ಲ. ಕಳೆಯೋದು ಏನನ್ನು?

ಶಾರ್ಟ್‌ಕಟ್_ಸೀನ

6. ಮೇಲೆ 12, 2 ಗಂಟೆ. ಕೆಳಗೆ 24, 1 ಗಂಟೆ. ವ್ಯತ್ಯಾಸ 1 ಗಂಟೆ. 24 ಕಿ.ಮೀ. ಅಂತ ಇದ್ದ ಕೂಡಲೇ ಅದನ್ನು ಭಾಗಿಸೋ ಸಂಖ್ಯೆ ಹಾಕಿ ನೋಡೋದು. ಈ ಸಲ ತಪ್ಪಿಲ್ಲ!

ನಿವೃತ್ತ_ಮೇಷ್ಟ್ರು

ಈ ಸಲ ಸೀನ ಗೆದ್ದ. ಆಯ್ಕೆ ಇರುವ ಪರೀಕ್ಷೆಗೆ ಇದೇ ದಾರಿ. ಮಗಳು ಮಾತ್ರ ಹಂತ ಬರೆಯಬೇಕು, ಇಲ್ಲದಿದ್ದರೆ ಅಂಕ ಸಿಗುವುದಿಲ್ಲ. ಪ್ರವಾಹ x ಅಂತ ಹಿಡಿದರೆ ಮೇಲಿನ ವೇಗ 18 − x, ಕೆಳಗಿನದು 18 + x. ಎರಡು ಸಮಯಗಳ ವ್ಯತ್ಯಾಸ 1 ಅಂತ ಬರೆದು ಬಿಡಿಸಿದರೆ x² + 48x − 324 = 0 ಬರುತ್ತದೆ. x = 6 ಅಥವಾ −54.

ಅಪ್ಪ_ಹಾಸನ

ಆ −54 ಬಿಡೋದು ಯಾಕೆ ಅಂತ ಅವಳು ಕೇಳಿದ್ಲು. ವೇಗ ಮೈನಸ್ ಇರಲ್ಲ ಅಂತ ಹೇಳಿದೆ. ಆದ್ರೆ ಬಸು ಅವರ ಮೈನಸ್‌ಗೆ ರೇಖಾ ಮೇಡಂ ಅರ್ಥ ಕೊಟ್ಟರಲ್ಲ, ಹೊಳೆ ತಿರುಗಿ ಹರೀತಿದೆ ಅಂತ. ಇಲ್ಲೂ ಹಾಗೆ ಅನ್ನಬಹುದಾ?

ನಿವೃತ್ತ_ಮೇಷ್ಟ್ರು

ಅಂದು ನೋಡಿ. ಹೊಳೆ ತಿರುಗಿ 54ರ ವೇಗದಲ್ಲಿ ಹರಿಯುತ್ತಿದೆ, ದೋಣಿ 18ರದ್ದು. ಒಂದು ಕಡೆ ಹೋದರೆ ತಿರುಗಿ ಬರುವ ಮಾತೇ ಇಲ್ಲ, ನೀರು ಹಿಂದಕ್ಕೇ ಎಳೆದುಕೊಂಡು ಹೋಗುತ್ತದೆ. ಪ್ರಶ್ನೆಯಲ್ಲಿ ದೋಣಿ ಮರಳಿ ಬಂದಿದೆ. ಹಾಗಾಗಿ ಪ್ರವಾಹ ದೋಣಿಗಿಂತ ಕಡಿಮೆ ಇರಲೇಬೇಕು. −54 ಬಿಡಲು ಅದೇ ಕಾರಣ. ಬರೀ 'ಮೈನಸ್ ಇರಲ್ಲ' ಅನ್ನುವುದಕ್ಕಿಂತ ಇದು ಗಟ್ಟಿ.

ಗಣಪ_ಹೊನ್ನಾವರ

ನಿಮ್ಮದೆಲ್ಲ ಕಾಗದದ ಹೊಳೆ. ನನ್ನದು ನಿಜವಾದ ಹೊಳೆ, ಶರಾವತಿ ಅಳಿವೆ. ಔಟ್‌ಬೋರ್ಡ್ ಇಂಜಿನ್ ಹಾಕಿದ ಚಿಕ್ಕ ದೋಣಿ ಇದೆ, ಕಾಂಡ್ಲಾ ಕಾಡಿನ ಕಡೆ ಜನರನ್ನು ಕರೆದುಕೊಂಡು ಹೋಗ್ತೇನೆ. ಈ ಚರ್ಚೆ ಓದಿ ನಾನೂ ಮೊಬೈಲ್‌ನ ಜಿಪಿಎಸ್ ಹಾಕಿ ನೋಡಿದೆ. ಮೇಲೆ ಹೋಗುವಾಗ ಗಂಟೆಗೆ 9 ಕಿ.ಮೀ., ಕೆಳಗೆ ಬರುವಾಗ 13. ಇಂಜಿನ್ ಹಿಡಿ ಎರಡೂ ಸಲ ಒಂದೇ ಜಾಗದಲ್ಲಿತ್ತು, ಬಣ್ಣದ ಗುರುತು ಹಾಕಿಕೊಂಡಿದ್ದೇನೆ.

ನಿಮ್ಮ ಲೆಕ್ಕದ ಪ್ರಕಾರ ಪ್ರವಾಹ 2, ದೋಣಿ 11. ಆದರೆ ನೀರು ಅಲುಗಾಡದೆ ನಿಂತ ಹೊತ್ತಲ್ಲಿ ಅದೇ ಗುರುತಿಗೆ ಇಟ್ಟರೆ ಅದು 10 ಮಾತ್ರ ಹೋಗುತ್ತದೆ, ತುಂಬಾ ಸಲ ನೋಡಿದ್ದೇನೆ. ಆ 1 ಕಿ.ಮೀ. ಎಲ್ಲಿಂದ ಬಂತು? ಸೂತ್ರ ಸುಳ್ಳಾ, ಮೊಬೈಲ್ ಸುಳ್ಳಾ?

ಶಾರ್ಟ್‌ಕಟ್_ಸೀನ

ಮೊಬೈಲ್ ಸುಳ್ಳು. ಜಿಪಿಎಸ್ ಅಷ್ಟು ನಿಖರ ಇರಲ್ಲ.

ಹಡಗಿನ_ಇಂಜಿನಿಯರ್

ಸೀನ ಅವರೇ, ತೆರೆದ ನೀರಲ್ಲಿ ನೇರ ಹೋಗ್ತಿರುವಾಗ ಫೋನಿನ ಜಿಪಿಎಸ್ ವೇಗದಲ್ಲಿ ಅಷ್ಟು ದೊಡ್ಡ ತಪ್ಪು ನಿಲ್ಲೋದಿಲ್ಲ. ಅಂಕಿ ಒಂದಿಷ್ಟು ಹಾರಾಡುತ್ತದೆ, ಎರಡು ನಿಮಿಷ ನೋಡಿದ್ರೆ ಒಂದು ಕಡೆ ಕೂರುತ್ತದೆ. ನಾನು ಮೊದಲು ಕೇಳೋದು ಬೇರೆ. ಗಣಪಣ್ಣ, ಹೋಗಿದ್ದಕ್ಕೂ ಬಂದಿದ್ದಕ್ಕೂ ನಡುವೆ ಎಷ್ಟು ಹೊತ್ತಾಗಿತ್ತು? ಆಗ ನೀರು ಏರ್ತಿತ್ತಾ, ಇಳೀತಿತ್ತಾ?

ಗಣಪ_ಹೊನ್ನಾವರ

ಹೋಗುವಾಗ ಇಳಿತ ಆಗಷ್ಟೇ ಶುರುವಾಗಿತ್ತು. ಜನ ಇಳಿದು ಫೋಟೋ ತೆಗೆದು ಬರುವಷ್ಟರಲ್ಲಿ ಒಂದು ಗಂಟೆ ಮೇಲೆ ಆಯ್ತು. ಬರುವಾಗ ಜೋರು ಇಳಿತ.

ಹಡಗಿನ_ಇಂಜಿನಿಯರ್

ಹಾಗಾದ್ರೆ ನಿಮ್ಮ ಎರಡು ಓಟ ಎರಡು ಬೇರೆ ಹೊಳೆಯಲ್ಲಿ ಆದಂತೆ. ಪುಸ್ತಕದ ಲೆಕ್ಕ ಒಂದು ವಿಷಯ ಹೇಳದೆ ಒಪ್ಪಿಕೊಂಡುಬಿಟ್ಟಿದೆ: ಹೋಗುವಾಗಲೂ ಬರುವಾಗಲೂ ಪ್ರವಾಹ ಒಂದೇ. ಅಳಿವೆಯಲ್ಲಿ ಅದು ನಿಲ್ಲೋದಿಲ್ಲ. ಸುಮಾರು ಆರು ಗಂಟೆ ನೀರು ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಶುರುವಿನಲ್ಲಿ ಮೆಲ್ಲಗೆ, ನಡುವೆ ಜೋರು, ಕೊನೆಗೆ ಮತ್ತೆ ಮೆಲ್ಲಗೆ. ನಿಮ್ಮ ಹೊಳೆಯಲ್ಲಿ ಮೇಲೆ ಗೇರುಸೊಪ್ಪೆ ಕಡೆಯಿಂದ ಬಿಡುವ ನೀರೂ ಸೇರುತ್ತದೆ.

ದೋಣಿ 10 ಅಂತ ನೀವು ಹೇಳಿದ್ದು ಸರಿ ಅಂತಲೇ ಇಟ್ಟುಕೊಳ್ಳೋಣ. ಹೋಗುವಾಗ 9, ಅಂದ್ರೆ ಆಗ ಪ್ರವಾಹ 1. ಬರುವಾಗ 13, ಅಂದ್ರೆ ಆಗ 3. ಅರ್ಧ ವ್ಯತ್ಯಾಸ ಕೊಟ್ಟ 2 ಇದೆಯಲ್ಲ, ಅದು ಈ 1 ಮತ್ತು 3ರ ನಡುವಿನದು. ಪ್ರವಾಹದ ಸರಾಸರಿ ಸರಿಯಾಗೇ ಬಂತು. ಹಾಳಾಗಿದ್ದು ದೋಣಿಯ ವೇಗ.

ಹಡಗು ಕಟ್ಟಿದ ಮೇಲೆ ಅದರ ವೇಗ ಪರೀಕ್ಷೆ ಮಾಡ್ತಾರೆ. ನಾನೂ ಅಂಥ ಕೆಲಸದಲ್ಲಿದ್ದವನು. ಅಲ್ಲಿ ಯಾರೂ ಒಂದೇ ಕಡೆ ಓಡಿಸಿ ಬರೆದುಕೊಳ್ಳೋದಿಲ್ಲ. ಅಳತೆ ಮಾಡಿದ ಅದೇ ದೂರದಲ್ಲಿ ಆ ಕಡೆ ಒಂದು ಓಟ, ಈ ಕಡೆ ಒಂದು ಓಟ. ಪ್ರವಾಹ ಬದಲಾಗ್ತಿದೆ ಅಂತ ಅನುಮಾನ ಇದ್ರೆ ಮೂರನೇ ಓಟವೂ ಬೇಕು.

ಉದಾಹರಣೆಗೆ 10ರ ದೋಣಿ. ನೀರು ನಿಧಾನ ಆಗ್ತಿದೆ: ಮೊದಲ ಓಟದಲ್ಲಿ ಪ್ರವಾಹ 2, ಎರಡನೆಯದರಲ್ಲಿ 1.5, ಮೂರನೆಯದರಲ್ಲಿ 1. ಕೆಳಗೆ 12, ಮೇಲೆ 8.5, ಮತ್ತೆ ಕೆಳಗೆ 11. ಮೊದಲ ಎರಡರ ಸರಾಸರಿ 10.25. ಕೊನೆ ಎರಡರ ಸರಾಸರಿ 9.75. ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಆ ಎರಡರ ಸರಾಸರಿ ತೆಗೆದ್ರೆ ಸರಿಯಾಗಿ 10. ಓಟಗಳ ನಡುವಿನ ಹೊತ್ತು ಸಮ ಇರಬೇಕು, ಅಷ್ಟೇ ಷರತ್ತು.

ಚೈತ್ರಾ_ಓದುಗಿ

ಸರ್, ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ್ರೆ ಆಗಲ್ವಾ? 31.5ನ್ನು 3ರಿಂದ, 10.5.

ಹಡಗಿನ_ಇಂಜಿನಿಯರ್

ಆಗಲ್ಲ. ಕೆಳಗಿನ ಓಟ ಎರಡಿವೆ, ಮೇಲಿನದು ಒಂದೇ. ನೀರು ತಳ್ಳಿದ್ದು ಎರಡು ಸಲ, ತಡೆದಿದ್ದು ಒಂದು ಸಲ ಲೆಕ್ಕಕ್ಕೆ ಬಂತು. ಸರಾಸರಿಗಳ ಸರಾಸರಿ ತೆಗೆಯುವಾಗ ನಡುವಿನ ಓಟ ಎರಡು ಸಲ ಸೇರುತ್ತದೆ, ಅಲ್ಲಿ ತೂಕ ಸಮ ಆಗುತ್ತದೆ.

ಗಣಪ_ಹೊನ್ನಾವರ

ನೀವು ಹೇಳಿದ್ದು ಇರಬಹುದು ಇಂಜಿನಿಯರ್ ಸಾಹೇಬ್ರೇ. ಆದರೆ ನನಗೆ ಇನ್ನೊಂದು ಅನುಮಾನ. ಮೇಲೆ ಹೋಗುವಾಗ ನಾವು ಯಾರೂ ನಡು ಹೊಳೆಯಲ್ಲಿ ಹೋಗುವುದಿಲ್ಲ. ದಡದ ಪಕ್ಕ ಹಿಡಿದೇ ಹೋಗುತ್ತೇವೆ, ಅಲ್ಲಿ ಎಳೆತ ಕಡಿಮೆ. ಜಲ್ಲೆ ಊರಿ ದೋಣಿ ನಡೆಸುತ್ತಿದ್ದ ಕಾಲದಿಂದ ಹಾಗೇ. ಕೆಳಗೆ ಬರುವಾಗ ನಡು ಹೊಳೆ, ಅಲ್ಲಿ ನೀರೇ ಎಳೆದುಕೊಂಡು ಬರುತ್ತದೆ. ದಡದಲ್ಲಿ 1, ನಡುವಲ್ಲಿ 3 ಅಂತಾದರೆ ನೀರು ಇಡೀ ಹೊತ್ತು ಒಂದೇ ಸಮ ಇಳಿದಿದ್ದರೂ 9 ಮತ್ತು 13 ಬರಬೇಕಲ್ಲ?

ಹಡಗಿನ_ಇಂಜಿನಿಯರ್

ಇದು ನನಗೆ ಹೊಳೆದಿರಲಿಲ್ಲ. ಸರಿಯಾದ ಮಾತು. ತಳ ಮತ್ತು ದಡ ನೀರನ್ನು ಹಿಡಿದು ನಿಧಾನ ಮಾಡುತ್ತವೆ, ಆಳ ಇರುವ ನಡು ಹೊಳೆಯಲ್ಲಿ ಜೋರು. ಹೀಗಿದ್ದರೆ 2 ಅನ್ನುವ ಉತ್ತರ ದಡದ್ದೂ ಅಲ್ಲ, ನಡುವಿನದ್ದೂ ಅಲ್ಲ. ಹಡಗಿನ ಪರೀಕ್ಷೆಯಲ್ಲಿ ಎರಡೂ ಕಡೆ ಒಂದೇ ಗೆರೆಯ ಮೇಲೆ ಓಡಿಸ್ತಾರೆ, ಅದಕ್ಕೇ ಈ ತೊಂದರೆ ಅಲ್ಲಿ ಬರಲ್ಲ.

ನಿವೃತ್ತ_ಮೇಷ್ಟ್ರು

ನನಗೆ ಗಣಪನವರ ದಡದ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಗೊತ್ತಿಲ್ಲದ್ದು ಎರಡು ಇದ್ದಾಗ ಎರಡು ಅಳತೆ ಸಾಕು. ಇಲ್ಲಿ ದೋಣಿ, ದಡದ ಪ್ರವಾಹ, ನಡುವಿನ ಪ್ರವಾಹ ಅಂತ ಮೂರಾಯಿತು. ನಿಂತ ನೀರಿನ 10 ಕೈಯಲ್ಲಿ ಇದ್ದಿದ್ದಕ್ಕೆ ಇಷ್ಟಾದರೂ ತಿಳಿಯಿತು.

ಹಡಗಿನ_ಇಂಜಿನಿಯರ್

ನನಗೆ ಇನ್ನೂ ಇಳಿತದ ಮೇಲೇ ಅನುಮಾನ ಮೇಷ್ಟ್ರೇ. ಆಗಷ್ಟೇ ಶುರುವಾದ ಇಳಿತಕ್ಕೂ ಒಂದು ಗಂಟೆ ಕಳೆದ ಇಳಿತಕ್ಕೂ ತುಂಬಾ ವ್ಯತ್ಯಾಸ. ಎರಡೂ ಸೇರಿಯೇ ಆ 1 ಕಿ.ಮೀ. ಆಗಿರಬಹುದು. ಇನ್ನೂ ಒಂದಿದೆ: ಗಣಪಣ್ಣ, ಮೇಲೆ ಹೋಗುವಾಗ ಎಷ್ಟು ಜನ ಇದ್ದರು, ಬರುವಾಗ ಅಷ್ಟೇ ಜನ ಇದ್ದರಾ?

ಗಣಪ_ಹೊನ್ನಾವರ

ಹೋಗುವಾಗ ಏಳು ಜನ. ಬರುವಾಗ ಮೂವರು. ಉಳಿದವರು ಆ ಕಡೆಯಿಂದ ರಸ್ತೆ ಹಿಡಿದು ಹೋದರು.

ಹಡಗಿನ_ಇಂಜಿನಿಯರ್

ಹಾಗಾದ್ರೆ ದೋಣಿಯೇ ಬೇರೆ. ಚಿಕ್ಕ ದೋಣಿಯಲ್ಲಿ ನಾಲ್ಕು ಜನರ ಭಾರ ಇಳಿದ್ರೆ ಅದೇ ಹಿಡಿಗೆ ಜೋರಾಗಿ ಓಡುತ್ತದೆ. ನಿಮ್ಮ 10 ಯಾವ ಭಾರಕ್ಕೆ ಅಳೆದದ್ದು ಅಂತಲೂ ನೋಡಬೇಕು. ಈಗ ಮೂರು ಅನುಮಾನ: ಇಳಿತ, ದಡ, ಭಾರ. ಇರುವ ಎರಡು ಅಂಕಿಯಿಂದ ಇದನ್ನು ಬಿಡಿಸೋಕೆ ಆಗಲ್ಲ.

ಚೈತ್ರಾ_ಓದುಗಿ

ಪರೀಕ್ಷೆಯಲ್ಲಿ ದಡ, ಜನ ಎಲ್ಲ ಬರಲ್ಲ ತಾನೇ ಸರ್?

ರೇಖಾ_ಬ್ಯಾಂಕ್

ಬರಲ್ಲ ಚೈತ್ರಾ. ಅಲ್ಲಿ ದೋಣಿಯ ಭಾರ ಬದಲಾಗಲ್ಲ, ಹೊಳೆ ಉದ್ದಕ್ಕೂ ಒಂದೇ ಸಮ ಹರಿಯುತ್ತದೆ. 2 ಬರೆದು ಮುಂದೆ ಹೋಗಿ.

ಗಣಪ_ಹೊನ್ನಾವರ

ಸರಿ, ಮತ್ತೆ ಓಡಿಸಿ ನೋಡೋಣ. ಖಾಲಿ ದೋಣಿ, ನಾನೊಬ್ಬನೇ. ನಡು ಹೊಳೆಯ ಗೆರೆ ಬಿಡುವುದಿಲ್ಲ. ಎಷ್ಟು ಸಲ ಓಡಿಸಲಿ ಸಾಹೇಬ್ರೇ? ಪೆಟ್ರೋಲ್ ನನ್ನದೇ, ಸ್ವಲ್ಪ ನೋಡಿ ಹೇಳಿ.

ಹಡಗಿನ_ಇಂಜಿನಿಯರ್

ನಾಲ್ಕು ಸಲ ಓಡಿಸಿದ್ರೆ ಒಳ್ಳೇದು. ಇಳಿತದ ವೇಗ ಒಂದೇ ಸಮ ಏರೋದಿಲ್ಲ, ಬಾಗುತ್ತದೆ. ಮೂರು ಓಟಕ್ಕೆ ಆ ಬಾಗು ಸಿಗಲ್ಲ, ನಾಲ್ಕಕ್ಕೆ ಸಿಗುತ್ತದೆ. ಒಂದೊಂದು ಓಟ ಐದು ನಿಮಿಷ ಸಾಕು, ತಿರುಗಿಸೋಕೂ ಪ್ರತಿ ಸಲ ಅಷ್ಟೇ ಹೊತ್ತು ತಗೊಳ್ಳಿ. ತಿರುಗಿದ ಕೂಡಲೇ ಅಂಕಿ ಬರೆಯಬೇಡಿ, ದೋಣಿ ಪೂರ್ತಿ ವೇಗಕ್ಕೆ ಬರಲಿ. ನಾಲ್ಕು ಅಂಕಿ ಬಂದ ಮೇಲೆ ನಡುವಿನ ಎರಡನ್ನು ಮೂರು ಮೂರು ಸಲ, ಮೊದಲ ಮತ್ತು ಕೊನೆಯದನ್ನು ಒಂದೊಂದು ಸಲ ಕೂಡಿಸಿ, 8ರಿಂದ ಭಾಗಿಸಿ. ಅದು ದೋಣಿಯ ವೇಗ. ಅದು 10ರ ಹತ್ತಿರ ಬಂದು, ಅಕ್ಕಪಕ್ಕದ ಓಟಗಳ ಅರ್ಧ ವ್ಯತ್ಯಾಸ ಪ್ರತಿ ಜೋಡಿಗೂ ಬದಲಾಗ್ತಾ ಹೋದ್ರೆ ಇಳಿತದ ಪಾಲು ಇತ್ತು ಅಂತ. ಬದಲಾಗದೆ ನಿಂತ್ರೆ ನೀವು ಹೇಳಿದ, ಮೇಷ್ಟ್ರು ಒಪ್ಪಿದ ದಡದ ಮಾತು ನೋಡಬೇಕು. ಖಾಲಿ ದೋಣಿಗೇ 11 ಬಂದ್ರೆ ಭಾರದ ಮೇಲೆ ಅನುಮಾನ.

ಗಣಪ_ಹೊನ್ನಾವರ

ಭಾನುವಾರ ಗಿರಾಕಿ ಇದ್ದಾರೆ. ಸೋಮವಾರ ಇಳಿತ ಹಿಡಿದು ಓಡಿಸಿ, ನಾಲ್ಕೂ ಅಂಕಿ ಇಲ್ಲೇ ಹಾಕುತ್ತೇನೆ. ಎಂಟರ ಭಾಗಾಕಾರ ಸೀನ ಮಾಡಲಿ.